ಸೊನ್ನೆ ಪರ್ಸೆಂಟ್ ಬಿಯರ್ ಮತ್ತು ನಲವತ್ತೊಂದು ದಿನ



ಹೋದ ವಾರ ಭಜನೆ ಮುಗಿದು ಪ್ರಸಾದಕ್ಕೆ ಕೂತಾಗ ನಮ್ಮ ಗುಂಪಿನ ಒಬ್ಬ ಕನ್ನಿಸ್ವಾಮಿ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಸ್ವಾಮಿ, ಶುಕ್ರವಾರ ಆಫೀಸಿನಲ್ಲಿ ವರ್ಷಾಂತ್ಯದ ಪಾರ್ಟಿ ಇದೆ. ಸೊನ್ನೆ ಪರ್ಸೆಂಟ್ ಬಿಯರ್ ತರಿಸುತ್ತಾರಂತೆ. ಅದರಲ್ಲಿ ಆಲ್ಕೋಹಾಲೇ ಇಲ್ಲ ಅಂದಮೇಲೆ ಮಾಲೆ ಹಾಕಿದವರು ಕುಡಿಯಬಹುದಲ್ಲವಾ?"

ಪಕ್ಕದಲ್ಲಿದ್ದ ಇನ್ನೊಬ್ಬ ಸ್ವಾಮಿ ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಊರು ಬಿಟ್ಟು ಪುಣೆ, ಮುಂಬೈ, ಹೈದರಾಬಾದಿನಲ್ಲಿ ನೌಕರಿ ಮಾಡುವ ನಮ್ಮಂಥವರಿಗೆ ಮಂಡಲ ಕಾಲವೂ ಆಫೀಸಿನ ಪಾರ್ಟಿ ಕಾಲವೂ ಪ್ರತಿ ವರ್ಷ ಒಟ್ಟಿಗೇ ಬರುತ್ತವೆ. ಮೇಲಾಗಿ ಇದೇ ಪ್ರಶ್ನೆಯನ್ನು ನಾನು ಒಂದು ವರ್ಷ ನನಗೇ ಕೇಳಿಕೊಂಡು, ನನಗೆ ಬೇಕಾದ ಉತ್ತರವನ್ನೇ ಕೊಟ್ಟುಕೊಂಡು ಮೋಸ ಹೋಗಿದ್ದೆ. ಅವರಿಗೆ ಅಲ್ಲಿ ನಿಂತು ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ಕೆಲಸ ಹೇಳಿಬಿಡುತ್ತೇನೆ. ನಾನು ಮಹಾರಾಷ್ಟ್ರದ ಒಂದು ಬಿಯರ್ ಕಾರ್ಖಾನೆಯ ಲ್ಯಾಬಿನಲ್ಲಿ ಹದಿನೇಳು ವರ್ಷ ದುಡಿದವನು. ಮಾಲೆ ಹಾಕುವವನಿಗೆ ಇದೆಂಥ ಕೆಲಸ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಿದ್ದಳು. ಬಿ.ಎಸ್ಸಿ. ಮುಗಿಸಿ ಊರಿನಿಂದ ಬಂದವನಿಗೆ ಸಿಕ್ಕ ಕೆಲಸ ಅದು. ಲ್ಯಾಬಿನಲ್ಲಿ ರುಚಿ ನೋಡುವುದೂ ಕೆಲಸದ ಭಾಗ. ಬಿಯರ್ ರುಚಿ ನೋಡುವವರು ಸಾಮಾನ್ಯವಾಗಿ ಉಗುಳುವುದಿಲ್ಲ, ಒಂದು ಗುಟುಕು ನುಂಗುತ್ತಾರೆ, ಏಕೆಂದರೆ ಕಹಿ ಗಂಟಲ ಹತ್ತಿರ ಹೋದ ಮೇಲೆಯೇ ಪೂರ್ತಿ ತಿಳಿಯುತ್ತದೆ. ಹಾಗಾಗಿ ಮಂಡಲದ ನಲವತ್ತೊಂದು ದಿನ ನಾನು ರುಚಿಯ ಕೆಲಸವನ್ನು ಒಬ್ಬ ಮರಾಠಿ ಸಹೋದ್ಯೋಗಿಗೆ ಬಿಟ್ಟು, ಅವರ ಬರವಣಿಗೆಯ ಕೆಲಸವನ್ನು ನಾನು ಮಾಡುತ್ತಿದ್ದೆ. ಕುಡಿತ ನನಗೆ ಚಟವಾಗಿರಲಿಲ್ಲ, ಪರಿಚಯವಾಗಿತ್ತು ಅಷ್ಟೆ.

ಈಗ ವಿಷಯಕ್ಕೆ ಬರುತ್ತೇನೆ. ಸೊನ್ನೆ ಪರ್ಸೆಂಟ್ ಬಿಯರ್ ಅಂದರೆ ಏನು?

ಇದನ್ನು ಜ್ಯೂಸಿನಂಥದ್ದು ಎಂದು ಬಹಳ ಜನ ತಿಳಿದಿದ್ದಾರೆ. ಕೆಲವು ಬಾಟಲಿಗಳ ಮಟ್ಟಿಗೆ ಅದು ನಿಜ. ಬಾರ್ಲಿ ಮಾಲ್ಟಿನ ರಸಕ್ಕೆ ಗ್ಯಾಸು, ಹಣ್ಣಿನ ಪರಿಮಳ ಸೇರಿಸಿದ ಪಾನೀಯ ಅದು, ಎಂದೂ ಹುದುಗಿದ್ದಲ್ಲ. ಆದರೆ ನಿಜವಾದ ಬಿಯರಿನ ಹೆಸರಿನಲ್ಲಿ ಬರುವ ಬಹಳಷ್ಟು ಸೊನ್ನೆ ಬಾಟಲಿಗಳು ಮೊದಲು ಪೂರ್ತಿ ಬಿಯರೇ ಆಗಿರುತ್ತವೆ. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿ, ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ತೆಗೆದು, ಹಾಪ್ಸ್ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಸುಮಾರು 5 ಪರ್ಸೆಂಟ್ ಆಲ್ಕೋಹಾಲ್ ಮಾಡುತ್ತದೆ. ಅದಾದ ಮೇಲೆ ಆ ಆಲ್ಕೋಹಾಲನ್ನು ಹೊರಗೆ ತೆಗೆಯುತ್ತಾರೆ.

ಹೇಗೆ ತೆಗೆಯುತ್ತಾರೆ? ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಗೆ, ನೀರು 100ಕ್ಕೆ. ಹಾಗಾದರೆ ಬಿಯರನ್ನು ಒಲೆಯ ಮೇಲೆ ಇಟ್ಟರೆ ಸಾಕಲ್ಲ ಎನ್ನಿಸಬಹುದು. ಇಟ್ಟರೆ ಆಲ್ಕೋಹಾಲ್ ಹೋಗುತ್ತದೆ, ಆದರೆ ಉಳಿದದ್ದು ಕುದಿಸಿದ ಬ್ರೆಡ್ಡಿನ ನೀರಿನಂತಿರುತ್ತದೆ. ಅದಕ್ಕಾಗಿ ಗಾಳಿಯ ಒತ್ತಡ ಇಳಿಸುತ್ತಾರೆ. ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಅದೇ ತತ್ವ. ಉಕ್ಕಿನ ಎತ್ತರದ ಕೊಳವೆಯೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು ಒತ್ತಡವನ್ನು ಹೊರಗಿನ ಹತ್ತನೇ ಒಂದು ಭಾಗಕ್ಕೆ, ಅಂದರೆ ಸುಮಾರು 100 ಮಿಲಿಬಾರಿಗೆ ಇಳಿಸಿದರೆ, ನೀರೇ 46 ಡಿಗ್ರಿಗೆ ಕುದಿಯುತ್ತದೆ. ನಾವು ಅಭ್ಯಂಜನಕ್ಕೆ ಕಾಯಿಸುವ ನೀರಿನಷ್ಟು ಬಿಸಿ ಅಷ್ಟೆ. ಬಿಯರ್ ಮೇಲಿನಿಂದ ತೆಳ್ಳಗೆ ಇಳಿಯುತ್ತದೆ, ಕೆಳಗಿನಿಂದ ಆವಿ ಏರುತ್ತದೆ, ಎದುರಾಗುವಾಗ ಆವಿ ಆಲ್ಕೋಹಾಲನ್ನು ಹೊತ್ತುಕೊಂಡು ಮೇಲೆ ಹೋಗುತ್ತದೆ. ಕೆಳಗೆ ಬರುವುದೇ ಸೊನ್ನೆ ಬಿಯರ್.

ಇಲ್ಲಿ ಒಂದು ತೊಡಕಿದೆ. ಬಿಯರಿನ ಘಮ ಆಲ್ಕೋಹಾಲಿಗಿಂತ ಮೊದಲೇ ಎದ್ದು ಹೋಗುತ್ತದೆ. ಯೀಸ್ಟ್ ಆಲ್ಕೋಹಾಲ್ ಮಾಡುವಾಗ ಅದರ ಜೊತೆಗೇ ಎಸ್ಟರ್ ಎಂಬ ಪರಿಮಳದ ವಸ್ತುಗಳನ್ನೂ ಮಾಡುತ್ತದೆ. ಅವುಗಳಲ್ಲಿ ಐಸೋಅಮೈಲ್ ಅಸಿಟೇಟ್ ಎಂಬುದೊಂದು, ಮಾಗಿದ ಬಾಳೆಹಣ್ಣಿನ ವಾಸನೆ ಅದರದ್ದು. ಶುದ್ಧ ರೂಪದಲ್ಲಿ ಅದು ಕುದಿಯುವುದು 142 ಡಿಗ್ರಿಗೆ. ಹಾಗಾದರೆ 46 ಡಿಗ್ರಿಯಲ್ಲಿ ಅದು ಕದಲಬಾರದಲ್ಲವೇ? ಆದರೆ ಕದಲುತ್ತದೆ. ಎಣ್ಣೆಯಂಥ ಸ್ವಭಾವದ ಆ ವಸ್ತುವಿಗೆ ನೀರಿನೊಂದಿಗೆ ಹೊಂದಾಣಿಕೆಯಿಲ್ಲ. ಬಿಯರಿನಲ್ಲಿ ಅದು ಚೂರುಚೂರಾಗಿ ಸಿಕ್ಕಿಹಾಕಿಕೊಂಡಿರುತ್ತದೆ, ಏಳುವ ಆವಿ ಸಿಕ್ಕರೆ ಹತ್ತಿಕೊಂಡು ಹೊರಟುಬಿಡುತ್ತದೆ. ಆಲ್ಕೋಹಾಲಾದರೋ ನೀರಿನ ಜೊತೆ ಕೈಹಿಡಿದು ಬೆರೆತದ್ದು, ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಕೊನೆಯ ಹನಿ ಆಲ್ಕೋಹಾಲ್ ಹೋಗುವಷ್ಟರಲ್ಲಿ ಎಸ್ಟರುಗಳ ಬಹುಪಾಲು ಮುಗಿದಿರುತ್ತದೆ. ಕೆಲವು ಕಾರ್ಖಾನೆಗಳಲ್ಲಿ ಮೊದಲು ಎದ್ದ ಘಮವನ್ನು ಬೇರೆ ಹಿಡಿದಿಟ್ಟು, ಆಲ್ಕೋಹಾಲ್ ತೆಗೆದಾದ ಮೇಲೆ ಸ್ವಲ್ಪ ವಾಪಸ್ ಹಾಕುತ್ತಾರೆ. ಪೂರ್ತಿ ಹಾಕುವ ಹಾಗಿಲ್ಲ. ಆ ಘಮದ ಜೊತೆ ಆಲ್ಕೋಹಾಲೂ ಸೇರಿಕೊಂಡಿರುವುದರಿಂದ ಹೆಚ್ಚು ಹಾಕಿದರೆ ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ.

ಘಮ ಹೋದದ್ದು ಒಂದು ನಷ್ಟವಾದರೆ, ಆಲ್ಕೋಹಾಲ್ ತಾನೇ ಕೊಡುತ್ತಿದ್ದದ್ದು ಹೋದದ್ದು ಇನ್ನೊಂದು. ಅದು ನಾಲಿಗೆಗೆ ತುಸು ಸಿಹಿ, ಗಂಟಲಿಗೆ ತುಸು ಬಿಸಿ, ಬಾಯಿಗೆ ತುಸು ದಪ್ಪ. ಅದಿಲ್ಲದೆ ಬಿಯರ್ ನೀರುನೀರಾಗಿ, ಕಹಿಯೊಂದೇ ಎದ್ದು ಕಾಣುತ್ತದೆ. ಇನ್ನೊಂದು ದಾರಿಯೂ ಇದೆ. ಹುದುಗುವುದನ್ನೇ ಅರ್ಧಕ್ಕೆ ತಡೆಯುವುದು, ಅಥವಾ ಮಾಲ್ಟಿನ ಮುಖ್ಯ ಸಕ್ಕರೆಯಾದ ಮಾಲ್ಟೋಸನ್ನು ತಿನ್ನಲಾರದ ಬೇರೆ ಜಾತಿಯ ಯೀಸ್ಟ್ ಹಾಕುವುದು. ಆಗ ಆಲ್ಕೋಹಾಲ್ ಹೆಚ್ಚು ಹುಟ್ಟುವುದೇ ಇಲ್ಲ. ಆದರೆ ಹುದುಗದೆ ಉಳಿದ ಹಸಿ ಮಾಲ್ಟಿನ ವಾಸನೆ ಉಳಿಯುತ್ತದೆ, ಸಿಹಿಯೂ ಜಾಸ್ತಿ. ಈ ಹಸಿ ವಾಸನೆಯ ವಸ್ತುಗಳು ಮಾಮೂಲಿ ಬಿಯರಿನಲ್ಲಿಯೂ ಸ್ವಲ್ಪ ಇರುತ್ತವೆ. ಅಲ್ಲಿ ಆಲ್ಕೋಹಾಲ್ ಅವುಗಳನ್ನು ದ್ರವದೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಆಲ್ಕೋಹಾಲ್ ಇಲ್ಲದಿದ್ದರೆ ಅವು ನೇರ ಮೂಗಿಗೆ ಬರುತ್ತವೆ.

ಈಗ ಸಂಖ್ಯೆಯ ಮಾತು. ಸೊನ್ನೆ ಅಂದರೆ ಸೊನ್ನೆಯಾ? ನಮ್ಮ ದೇಶದ ಆಹಾರ ನಿಯಮದಲ್ಲಿ 0.5 ಪರ್ಸೆಂಟಿಗಿಂತ ಹೆಚ್ಚು ಆಲ್ಕೋಹಾಲ್ ಇದ್ದರೆ ಮಾತ್ರ ಅದು ಮದ್ಯ. ಜರ್ಮನಿಯಲ್ಲಿಯೂ 0.5ರವರೆಗೆ ಇದ್ದದ್ದನ್ನು ಆಲ್ಕೋಹಾಲ್ ಇಲ್ಲದ್ದು ಎಂದೇ ಮಾರುತ್ತಾರೆ. ಲೆಕ್ಕ ಹಾಕೋಣ. 330 ಮಿಲಿಯ ಬಾಟಲಿಯಲ್ಲಿ 0.5 ಪರ್ಸೆಂಟ್ ಇದ್ದರೆ ಅದರಲ್ಲಿರುವ ಆಲ್ಕೋಹಾಲ್ 1.65 ಮಿಲಿ. ಅದೇ ಬಾಟಲಿಯ 5 ಪರ್ಸೆಂಟ್ ಬಿಯರಿನಲ್ಲಿ 16.5 ಮಿಲಿ. ಹತ್ತು ಬಾಟಲಿ ಕುಡಿದರೆ ಒಂದು ಬಿಯರಿಗೆ ಸಮ, ಅಷ್ಟರಲ್ಲಿ ಹೊಟ್ಟೆಯೇ ಒಡೆದುಹೋಗುತ್ತದೆ. 0.0 ಎಂದು ಬರೆದ ಬಾಟಲಿಯಲ್ಲಿ ಇದಕ್ಕಿಂತಲೂ ಬಹಳ ಕಡಿಮೆ. ತೀರಾ ಕಳಿತ ಬಾಳೆಹಣ್ಣಿನಲ್ಲಿ, ಬೇಕರಿಯ ಬ್ರೆಡ್ಡಿನಲ್ಲಿ, ರಾತ್ರಿಯಿಡೀ ಹುದುಗಿದ ಹಿಟ್ಟಿನಲ್ಲಿ ಕೂಡ ತೃಣಮಾತ್ರ ಆಲ್ಕೋಹಾಲ್ ಹುಟ್ಟುತ್ತದೆ. ಬಾಳೆಹಣ್ಣು ತಿಂದರೆ ವ್ರತ ಕೆಡುತ್ತದೆ ಎಂದು ಯಾರೂ ಹೇಳಿಲ್ಲ. ಹಾಗಾದರೆ ಕನ್ನಿಸ್ವಾಮಿಯ ವಾದ ಸರಿಯೇ ಅನ್ನಿಸುತ್ತದಲ್ಲವೇ?

ನನಗೂ ಹಾಗೇ ಅನ್ನಿಸಿತ್ತು. ಆ ಕಥೆ ಹೇಳುತ್ತೇನೆ.

ಕಾರ್ಖಾನೆಯಲ್ಲಿ ಆಲ್ಕೋಹಾಲ್ ತೆಗೆಯುವ ಚಿಕ್ಕ ಯಂತ್ರವನ್ನು ಪರೀಕ್ಷೆಗೆ ತಂದಿದ್ದರು. ನನಗೆ ಮಾಲೆ ಹಾಕಿ ಇಪ್ಪತ್ತಾರನೇ ದಿನ. ನನ್ನ ಬದಲು ರುಚಿ ನೋಡುತ್ತಿದ್ದ ಸಹೋದ್ಯೋಗಿ ಅಂದು ರಜೆ. ಹನ್ನೊಂದಕ್ಕೆ ಸ್ಯಾಂಪಲ್ ಬಂತು. ಗುರಿ 0.05 ಪರ್ಸೆಂಟ್. ಮೊದಲು ಯಂತ್ರದಲ್ಲಿ ಅಳೆದು, ಆಮೇಲೆ ರುಚಿ ನೋಡಬೇಕು ಎಂಬುದು ನಿಯಮ. ಅಳೆಯುವ ಯಂತ್ರದಲ್ಲಿ ಬೇರೆ ಸ್ಯಾಂಪಲ್‌ಗಳು ಸಾಲಿನಲ್ಲಿದ್ದವು, ಮೇಲಧಿಕಾರಿ ಎರಡು ಸಲ ಫೋನ್ ಮಾಡಿದ್ದರು. ನಾನು ಮನಸ್ಸಿನಲ್ಲಿ ಅಂದುಕೊಂಡೆ: ಇದರಲ್ಲಿ ಏನೂ ಇಲ್ಲವಲ್ಲ, ಇದು ಬಿಯರೇ ಅಲ್ಲವಲ್ಲ. ಲೋಟ ಎತ್ತಿದೆ. ಒಂದು ಗುಟುಕಿನ ಕೆಲಸಕ್ಕೆ ಮೂರು ನಾಲ್ಕು ಗುಟುಕು ಕುಡಿದೆ, ಸುಮಾರು 100 ಮಿಲಿ.

ಬಾಯಿಗೆ ಹಾಕಿದ ಕೂಡಲೇ ಬೇಯಿಸಿದ ಬ್ರೆಡ್ಡಿನ ವಾಸನೆ ಬಂದಿತ್ತು. ಅನುಭವ ಇದ್ದವನಿಗೆ ಅಷ್ಟೇ ಸಾಕಿತ್ತು, ಒಳಗೆ ಎಲ್ಲೋ ಬಿಸಿ ಹೆಚ್ಚಾಗಿದೆ ಎಂದು ತಿಳಿಯಲು. ನಾನು ಗಮನಿಸಲಿಲ್ಲ. ಗಮನ ಬೇರೆಡೆ ಇತ್ತು.

ಹನ್ನೆರಡಕ್ಕೆ ರೀಡಿಂಗ್ ಬಂತು: 1.1 ಪರ್ಸೆಂಟ್.

ಓಡಿಹೋಗಿ ಯಂತ್ರದ ಶೀಟ್ ನೋಡಿದೆ. 100 ಮಿಲಿಬಾರಿನ ಹತ್ತಿರ ಇರಬೇಕಾದ ಒತ್ತಡ ಬೆಳಿಗ್ಗೆಯಿಂದ ಏರುತ್ತಾ 200ಕ್ಕೆ ಬಂದಿತ್ತು. ಪೈಪಿನ ಒಂದು ಜೋಡಣೆಯಲ್ಲಿ ಗ್ಯಾಸ್ಕೆಟ್ ಸೀಳಿ ಹೊರಗಿನ ಗಾಳಿ ಒಳಗೆ ನುಗ್ಗುತ್ತಿತ್ತು. 200ರಲ್ಲಿ ನೀರು ಕುದಿಯಲು 60 ಡಿಗ್ರಿ ಬೇಕು. ಕೊಟ್ಟ ಶಾಖದಲ್ಲಿ ಹೆಚ್ಚಿನ ಭಾಗ ಬಿಯರನ್ನು ಬಿಸಿ ಮಾಡಲೇ ಖರ್ಚಾಗಿ, ಏಳಬೇಕಾದಷ್ಟು ಆವಿ ಏಳಲಿಲ್ಲ. ಬಿಯರ್ ಬೆಂದಿತು, ಆಲ್ಕೋಹಾಲ್ ಉಳಿಯಿತು. ಎರಡೂ ಕಡೆ ಕೆಟ್ಟಿತು. ಆಲ್ಕೋಹಾಲ್ ಉಳಿದದ್ದು ನಾಲಿಗೆಗೆ ತಿಳಿಯಲೇ ಇಲ್ಲ, ಏಕೆಂದರೆ ಒಂದು ಪರ್ಸೆಂಟಿನ ಹತ್ತಿರ ಅದು ಬಿಯರಿನ ರುಚಿಯಲ್ಲಿ ಅಡಗಿಬಿಡುತ್ತದೆ. ಅದಕ್ಕಾಗಿಯೇ ಅಳತೆ ಮೊದಲು ಎಂಬ ನಿಯಮ ಇದ್ದದ್ದು.

ಎದೆ ಧಸಕ್ಕೆಂದಿತು. ಮಾಲೆಯ ಮೇಲೆ ಕೈ ಹೋಯಿತು. ಸಂಜೆ ತಣ್ಣೀರಿನಲ್ಲಿ ಸ್ನಾನ ಮಾಡಿ ನೇರ ಗುರುಸ್ವಾಮಿಗಳ ಮನೆಗೆ ಹೋದೆ. ಮಾಲೆ ತೆಗೆದುಬಿಡಲಾ ಎಂದು ಕೇಳುವ ಸ್ಥಿತಿಯಲ್ಲಿದ್ದೆ. ಲ್ಯಾಬಿನವನಲ್ಲವೇ, ಲೆಕ್ಕವನ್ನೂ ಜೊತೆಗೆ ಒಯ್ದಿದ್ದೆ: "ಸ್ವಾಮಿ, ನಾನು ಕುಡಿದದ್ದು 100 ಮಿಲಿ, ಅದರಲ್ಲಿ ಆಲ್ಕೋಹಾಲ್ 1.1 ಮಿಲಿ. ಅಂಗಡಿಯಲ್ಲಿ ಆಲ್ಕೋಹಾಲ್ ಇಲ್ಲದ್ದು ಅಂತ ಮಾರುವ ಬಾಟಲಿಯಲ್ಲಿ ಕಾನೂನು ಪ್ರಕಾರ ಇದಕ್ಕಿಂತ ಜಾಸ್ತಿ ಇರಬಹುದು."

ಅವರು ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಮಾತು ಕಡಿಮೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಯಂತ್ರ ಸರಿಯಾಗಿದ್ದು 0.05 ಬಂದಿದ್ದರೆ ನೀವು ಇವತ್ತು ನನ್ನ ಮನೆಗೆ ಬರುತ್ತಿದ್ದಿರಾ ಸ್ವಾಮಿ?"

ನಾನು ಇಲ್ಲ ಅಂದೆ.

"ಗೊತ್ತಿಲ್ಲದೆ ಒಳಗೆ ಹೋದದ್ದಕ್ಕೆ ಶರಣು ಹೇಳಿ, ತಪ್ಪು ಕಾಣಿಕೆ ಹಾಕಿ, ಯಾತ್ರೆಗೆ ಬನ್ನಿ. ಅದು ಗ್ಯಾಸ್ಕೆಟ್ಟಿನ ತಪ್ಪು. ಆದರೆ ಗೊತ್ತಿದ್ದೂ ಕೈ ಎತ್ತಿತಲ್ಲ, ಅದರ ಲೆಕ್ಕ ನಿಮ್ಮ ಚೀಟಿಯಲ್ಲಿ ಎಲ್ಲಿದೆ?"

ಇಷ್ಟು ಹೇಳಿ ಕಾಫಿ ಕೊಡಿಸಿ ಕಳಿಸಿದರು. ಆ ರಾತ್ರಿ ನಿದ್ದೆ ಬರಲಿಲ್ಲ. ನಿಜವಾಗಿ ಏನಾಗಿತ್ತು ಎಂದು ಮತ್ತೆ ನೆನಪಿಸಿಕೊಂಡೆ. ಒಂದು ಗುಟುಕು ಸಾಕಾಗಿದ್ದಾಗ ನಾಲ್ಕು ಕುಡಿದಿದ್ದೆ. ಬೆಂದ ವಾಸನೆ ಮೂಗಿಗೆ ಬಂದರೂ ಗಮನಿಸದಷ್ಟು ಖುಷಿಯಲ್ಲಿದ್ದೆ. ಇಪ್ಪತ್ತಾರು ದಿನ ಬಿಟ್ಟಿದ್ದದ್ದು ಮತ್ತೆ ಸಿಕ್ಕಿತು ಎಂಬ ಖುಷಿ ಅದು. ಆ ಖುಷಿ 1.1 ಪರ್ಸೆಂಟಿನಿಂದ ಬಂದದ್ದಲ್ಲ. ನಾಲಿಗೆಗೆ ಅದು ತಿಳಿದೇ ಇರಲಿಲ್ಲ. 0.05 ಇದ್ದಿದ್ದರೂ ಅಷ್ಟೇ ಖುಷಿ ಆಗುತ್ತಿತ್ತು. ಅಂದರೆ ಯಂತ್ರ ತೆಗೆಯಲು ಹೊರಟದ್ದೇ ಬೇರೆ, ವ್ರತ ತೆಗೆಯಲು ಹೊರಟದ್ದೇ ಬೇರೆ.

ಇದನ್ನು ಒಂದು ವಾದ ಒಪ್ಪುವುದಿಲ್ಲ, ಅದನ್ನೂ ನ್ಯಾಯವಾಗಿ ಹೇಳಬೇಕು. ಹಾಗಾದರೆ ರುಚಿಯೇ ಪಾಪವಾ? ನಾವು ವ್ರತದಲ್ಲಿ ಪಾಯಸ ಕುಡಿಯುತ್ತೇವೆ, ಅರವಣ ಚಪ್ಪರಿಸುತ್ತೇವೆ. ಕಹಿ ಇದೆ, ನೊರೆ ಇದೆ ಎಂಬ ಮಾತ್ರಕ್ಕೆ ಒಂದು ಪಾನೀಯ ಹೇಗೆ ಬೇಡವಾಗುತ್ತದೆ? ನನಗೆ ಅನ್ನಿಸುವುದು ಇಷ್ಟು. ಜೀವನದಲ್ಲಿ ಬಿಯರನ್ನೇ ಮುಟ್ಟದ ಒಬ್ಬರು ಬಾಯಾರಿ ಇದನ್ನು ಕುಡಿದರೆ ಅದು ಅವರಿಗೆ ಕಹಿ ಸೋಡಾ. ಬಾಳೆಹಣ್ಣಿನ ಘಮವನ್ನು ಕೊಟ್ಟ ಎಸ್ಟರ್ ಬಾಳೆಹಣ್ಣಿನಲ್ಲೂ ಅದೇ, ಬಿಯರಿನಲ್ಲೂ ಅದೇ, ಅದಕ್ಕೆ ದೋಷವಿಲ್ಲ. ದೋಷ ಇರುವುದು ಬಾಟಲಿಗೂ ನನಗೂ ಮೊದಲೇ ಇದ್ದ ಸಂಬಂಧದಲ್ಲಿ. ಮಾಲೆ ಹಾಕುವಾಗ ನಾನು ಬಿಡುತ್ತೇನೆಂದು ಹೇಳಿದ್ದು ಆ ಸಂಬಂಧವನ್ನು.

ಬ್ರಾಂದಿ, ಜಿನ್, ವಿಸ್ಕಿಗಳಿಗೂ ಈಗ ಇಂಥ ಬದಲಿಗಳು ಬಂದಿವೆ. ಅಲ್ಲಿ ಈ ವಿಚಾರ ಇನ್ನೂ ಚೆನ್ನಾಗಿ ಕಾಣುತ್ತದೆ. ಜಿನ್ನಿನ ಪರಿಮಳ ಜೂನಿಪರ್ ಎಂಬ ಕಾಯಿಯ ಎಣ್ಣೆಯಿಂದ ಬರುತ್ತದೆ. ಆ ಎಣ್ಣೆ 40 ಪರ್ಸೆಂಟ್ ಆಲ್ಕೋಹಾಲಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಬಿಯರಿನಲ್ಲಿ ತೆಗೆಯಬೇಕಾದದ್ದು ನೂರಕ್ಕೆ 5, ಇಲ್ಲಿ 40. ತೆಗೆದರೆ ಉಳಿಯುವುದು ಹೆಚ್ಚೂಕಡಿಮೆ ಪರಿಮಳದ ನೀರು, ನಮ್ಮ ಪನ್ನೀರಿನ ಹಾಗೆ. ಗಂಟಲಲ್ಲಿ ಉರಿಯೇ ಇರುವುದಿಲ್ಲ. ಆ ಉರಿ ಬೇಕೆನ್ನುವವರಿಗಾಗಿ ಶುಂಠಿ, ಕಾಳುಮೆಣಸು, ಮೆಣಸಿನಕಾಯಿಯ ಸಾರ ಸೇರಿಸುತ್ತಾರೆ. ಯೋಚನೆ ಮಾಡಿ ಸ್ವಾಮಿಗಳೇ. ಶುಂಠಿ, ಮೆಣಸು ನಮ್ಮ ಮನೆಯ ಕಷಾಯದಲ್ಲೂ ಇವೆ, ಅದೇ ಗಂಟಲು, ಅದೇ ಉರಿ. ಕಷಾಯ ಕುಡಿಯುವಾಗ ನಾವು ಕೆಮ್ಮು ಹೋಗಲಿ ಎನ್ನುತ್ತೇವೆ, ಇಲ್ಲಿ ಕುಡಿದ ಹಾಗೆ ಅನ್ನಿಸಲಿ ಎನ್ನುತ್ತೇವೆ. ಸಾಮಗ್ರಿ ಒಂದೇ, ಸಂಕಲ್ಪ ಬೇರೆ.

ಆದರೆ ಇದನ್ನು ಹಿಡಿದು ಸೊನ್ನೆ ಬಾಟಲಿ ಕುಡಿಯುವವರನ್ನೆಲ್ಲ ಹೀಗಳೆಯಬೇಡಿ. ನಮ್ಮ ಸೊಸೈಟಿಯಲ್ಲಿ ಒಬ್ಬರಿದ್ದಾರೆ, ದಿನಾ ಸಂಜೆ ಎರಡು ದೊಡ್ಡ ಬಾಟಲಿ ಕುಡಿಯುತ್ತಿದ್ದವರು. ಈಗ ಒಂದೂವರೆ ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಸೊನ್ನೆ ಬಿಯರ್ ಕುಡಿಯುತ್ತಾರೆ. 650 ಮಿಲಿಯ ಎರಡು ಬಾಟಲಿಯಲ್ಲಿ 65 ಮಿಲಿ ಶುದ್ಧ ಆಲ್ಕೋಹಾಲ್ ಅವರ ಲಿವರಿಗೆ ಹೋಗುತ್ತಿತ್ತು, ಅದು ನಿಂತಿದೆ. ಅವರ ಹೆಂಡತಿ ಆ ಯಂತ್ರಕ್ಕೆ ದೀಪ ಹಚ್ಚಿದರೂ ತಪ್ಪಿಲ್ಲ. ಅದೇ ಹೊತ್ತಿಗೆ, ಕುಡಿತ ಬಿಡಲು ಒದ್ದಾಡುತ್ತಿರುವ ಇನ್ನೊಬ್ಬರಿಗೆ ಅದೇ ನೊರೆ, ಅದೇ ವಾಸನೆ ಹಳೆಯ ದಾಹವನ್ನು ಎಬ್ಬಿಸಬಹುದು. ಅಂಥವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟದಿರುವುದೇ ಒಳ್ಳೆಯದು. ಒಬ್ಬರಿಗೆ ಇಳಿಯುವ ಮೆಟ್ಟಿಲಾದದ್ದು ಇನ್ನೊಬ್ಬರಿಗೆ ಜಾರುವ ಮೆಟ್ಟಿಲು. ಯಾರ ಮನೆಯ ಮೆಟ್ಟಿಲು ಯಾವುದು ಎಂದು ಹೊರಗೆ ನಿಂತ ನಮಗೆ ತಿಳಿಯದು.

ಕನ್ನಿಸ್ವಾಮಿಗೆ ನನ್ನ ಉತ್ತರ ಹೀಗಿದೆ. ಸ್ವಾಮಿ, ಆ ಬಾಟಲಿಯಲ್ಲಿರುವ ಆಲ್ಕೋಹಾಲಿನಿಂದ ನಿಮಗೆ ಅಮಲಾಗುವುದಿಲ್ಲ, ಅದು ಖಂಡಿತ. ಲೇಬಲ್ ಓದಿ: 0.0 ಎಂದಿದೆಯೇ, 0.5ಕ್ಕಿಂತ ಕಡಿಮೆ ಎಂದಿದೆಯೇ, ಹುದುಗಿಸಿ ತೆಗೆದದ್ದೇ, ಬರೀ ಮಾಲ್ಟ್ ಪಾನೀಯವೇ, ಎಲ್ಲ ತಿಳಿದುಕೊಳ್ಳಿ, ತಪ್ಪಿಲ್ಲ. ಆದರೆ ನೀವು ನನ್ನನ್ನು ಕೇಳಿದ್ದು ಬಾಯಾರಿಕೆಯಿಂದಲ್ಲ. ಬಾಯಾರಿದ್ದರೆ ನೀರು, ಮಜ್ಜಿಗೆ, ನಿಂಬೆ ಶರಬತ್ತು ಅಲ್ಲೇ ಸಿಗುತ್ತದೆ. ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದಿರಲ್ಲ, ಮಜ್ಜಿಗೆ ಕುಡಿಯಬಹುದಾ ಎಂದು ನೀವು ಯಾರನ್ನೂ ಹಾಗೆ ಕೇಳುವುದಿಲ್ಲ.

ಪಾರ್ಟಿಗೆ ಹೋಗಿ. ಕಪ್ಪು ಬಟ್ಟೆಯಲ್ಲೇ ಹೋಗಿ. ಕೈಯಲ್ಲಿ ಏನಾದರೂ ಹಿಡಿಯಬೇಕು ಎಂಬುದೇ ತೊಂದರೆಯಾದರೆ ಶುಂಠಿ ಸೋಡಾ ಹಿಡಿಯಿರಿ. ಬಾಟಲಿ ಹಿಡಿಯದಿದ್ದರೆ ಗುಂಪಿನಲ್ಲಿ ಬೇರೆಯಾಗಿ ಕಾಣುತ್ತೇನೆ ಎಂಬ ಅಳುಕು ನನಗೂ ಇತ್ತು. ಮಾಲೆ ಹಾಕಿದವನು ಬೇರೆಯಾಗಿ ಕಾಣುವುದು ಸಹಜವೇ, ಅದಕ್ಕಾಗಿಯೇ ಅದು ಕುತ್ತಿಗೆಯಲ್ಲಿ ಹೊರಗೆ ಕಾಣುವಂತೆ ಇರುವುದು.

ನಾನು ಆ ವರ್ಷ ತಪ್ಪು ಕಾಣಿಕೆ ಕಟ್ಟಿಟ್ಟು, ಇರುಮುಡಿ ಹೊತ್ತು ಬೆಟ್ಟ ಹತ್ತಿದೆ. ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ಯಂತ್ರ ಚೆನ್ನಾಗಿ ನಡೆಯಿತು, ಮುಂದಿನ ಸ್ಯಾಂಪಲ್ 0.04 ಬಂತು. ಅದನ್ನು ರುಚಿ ನೋಡಲು ನನ್ನ ಮರಾಠಿ ಸಹೋದ್ಯೋಗಿಯನ್ನೇ ಕರೆದೆ. ಅವರು ಒಂದು ಗುಟುಕು ಕುಡಿದು, "ಘಮವೇ ಇಲ್ಲವಲ್ಲ, ಬರೀ ನೀರು" ಎಂದು ಮುಖ ಸಿಂಡರಿಸಿದರು. ನಾನು ಪಕ್ಕದಲ್ಲಿ ನಿಂತು ಅದನ್ನೇ ಬರೆದುಕೊಂಡೆ.

ಸ್ವಾಮಿ ಶರಣಂ.